ಐನೂರರ ಕಂತು

ಮನಿಷಾಳಿಗೆ ಆತುರಗಾರರನ್ನು ಕಂಡರೆ ಆಗುತ್ತಿರಲಿಲ್ಲ. ಆಕೆಯ ಮಾಲಕ ಬಾಪೂಸಾಹೇಬರೋ ಆತುರಕ್ಕೇ ಹುಟ್ಟಿದ ಮನುಷ್ಯ. ಸಾಂಗಲಿಯಲ್ಲಿ ಅವರದೊಂದು ಸಣ್ಣ ಕಂಪನಿ. ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆಯ ಅರವತ್ತು ರಕ್ತನಿಧಿಗಳ ದಾಖಲೆಗಳು ಅವರ ಸರ್ವರಿನಲ್ಲಿದ್ದವು. ಒಟ್ಟು ಎಂಬತ್ಮೂರು ಲಕ್ಷ ಚಿಲ್ಲರೆ ದಾಖಲೆ, ಎಲ್ಲವೂ ಮಾಂಗೋಡಿಬಿ ಎಂಬ ಒಂದೇ ಡೇಟಾಬೇಸಿನಲ್ಲಿ. ಆ ಪ್ರತಿಯೊಂದಕ್ಕೂ ಒಂದು ಹೊಸ ಫೀಲ್ಡ್, ಅಂದರೆ ಹೊಸ ಖಾನೆ, ಸೇರಿಸುವ ಕೆಲಸ ಮನಿಷಾಳ ಪಾಲಿಗೆ ಬಂದಿತ್ತು.

ಫೀಲ್ಡಿನ ಹೆಸರು ‘ವಿರಳ’. ಅದರಲ್ಲಿ ಹೌದು ಅಥವಾ ಅಲ್ಲ ಎಂದಷ್ಟೇ ಇರಬೇಕು. ಬಾಂಬೆ ಗುಂಪು ಎಂದು ಕರೆಯುವ ಒಂದು ರಕ್ತವಿದೆ. ಸಾವಿರಾರು ಜನರಲ್ಲಿ ಒಬ್ಬರಿಗೆ ಇರುತ್ತದೆ. ಮೇಲ್ನೋಟಕ್ಕೆ ಓ ಗುಂಪಿನಂತೆ ಕಾಣುತ್ತದೆ, ಆದರೆ ಆ ಜನಕ್ಕೆ ಓ ರಕ್ತ ಕೊಟ್ಟರೂ ವಿಷವೇ. ತಮ್ಮದೇ ಗುಂಪಿನವರದು ಮಾತ್ರ ಒಗ್ಗುತ್ತದೆ. ಇಷ್ಟು ವರ್ಷ ಇಂಥ ದಾನಿಗಳ ಸುದ್ದಿ ಟೆಕ್ನಿಶಿಯನ್ನರು ಬರೆದ ಷರಾದಲ್ಲಿ ಹೂತುಹೋಗಿತ್ತು. ಅದನ್ನು ಓದಿ, ಹೊಸ ಫೀಲ್ಡಿಗೆ ತುಂಬಿದರೆ ಒಂದು ಗುಂಡಿ ಒತ್ತಿದ ಕೂಡಲೇ ದಾನಿಗಳ ಹೆಸರು ಬರುತ್ತದೆ. ಒಳ್ಳೆಯ ಕೆಲಸ. ಮನಿಷಾ ಅದನ್ನು ಮನಸ್ಸಿಟ್ಟು ಮಾಡಿದಳು, ಅದೇ ಸಂಕಟ.

“ಒಂದ ಆಜ್ಞಾ ಹೊಡದು ಎಲ್ಲಾ ಒಮ್ಮೆಲೆ ಬದಲಾಯಿಸಿಬಿಡು. ಏನ ಮಹಾ ಕೆಲಸ ಅದು?” ಎಂದಿದ್ದರು ಬಾಪೂಸಾಹೇಬರು.

“ಒಮ್ಮೆಲೆ ಹೊಡದ್ರ ಸರ್ವರ್ ಉಸಿರಗಟ್ಟತೈತ್ರಿ ಸಾಹೇಬ್ರ. ಅರವತ್ತೂ ಕಡೆ ಪರದೆ ಸುಮ್ನ ತಿರಗಕೋತ ಕುಂದರತಾವು. ನಕಲು ಇಟ್ಕೊಳ್ಳೋ ಎರಡು ಮಶೀನ ಅದಾವಲ್ರಿ, ಅವೂ ಹಿಂದ ಬೀಳತಾವು. ತಾಳಿದವನು ಬಾಳ್ಯಾನು ಅಂತಾರಲ್ರಿ.”

ಗಾದೆಗೆ ಸಾಹೇಬರು ಸೋತರು. ಆಕೆ ಮೊದಲು ಸಾಫ್ಟ್‌ವೇರನ್ನೇ ತಿದ್ದಿ, ಹೊಸದಾಗಿ ಸೇರುವ ದಾಖಲೆಗಳು ಹುಟ್ಟುವಾಗಲೇ ‘ವಿರಳ’ ಹೊತ್ತು ಬರುವಂತೆ ಮಾಡಿದಳು. ಆಮೇಲೆ ಹಳೆಯವುಗಳಿಗೆ ಕೈ ಹಾಕಿದಳು. ಒಂದು ಕಂತಿಗೆ ಐನೂರು ದಾಖಲೆ. ಕಂತು ನಡೆಸುವ ಪ್ರೋಗ್ರಾಮಿಗೆ ಅವಳ ಆಜ್ಞೆ ಹೀಗಿತ್ತು: ಫೀಲ್ಡ್ ಇಲ್ಲದವುಗಳನ್ನಷ್ಟೇ ಹುಡುಕು, ಷರಾ ಓದು, ಬರೆಯುವ ಮುಂಚೆ ಇನ್ನೂ ಇಲ್ಲವೇ ಎಂದು ಮತ್ತೊಮ್ಮೆ ನೋಡು, ಬರೆ; ನಡುವೆ ಯಾರಾದರೂ ಕೈಯಾರೆ ತುಂಬಿದ್ದರೆ ಅದನ್ನು ಅಳಿಸಬೇಡ. ಎರಡು ಸೆಕೆಂಡು ಸುಮ್ಮನಿರು. ನಕಲಿನ ಮಶೀನು ಐದು ಸೆಕೆಂಡಿಗಿಂತ ಹಿಂದೆ ಬಿದ್ದರೆ ಅದು ಬಂದು ಕೂಡುವವರೆಗೆ ಕಾಯಿ. ರಕ್ತನಿಧಿಗಳಲ್ಲಿ ಜನ ಕಡಿಮೆ ಇರುವ ಮಧ್ಯಾಹ್ನ ಎರಡರಿಂದ ಆರರವರೆಗೆ ಮಾತ್ರ. ಹೀಗೆ ಐದು ದಿನ, ಹದಿನಾರು ಸಾವಿರ ಕಂತು. ಯಾವ ಊರಿನಲ್ಲೂ ಒಂದು ಪರದೆ ಕೂಡ ತಡವರಿಸಲಿಲ್ಲ. ಮಗು ಮಲಗಿದ ಮನೆಯಲ್ಲಿ ಕಸ ಗುಡಿಸಿದಂತೆ ಮಾಡಿದ್ದಳು.

ಕೊನೆಗೆ ಲೆಕ್ಕ ನೋಡಿದಾಗ ಒಟ್ಟು ದಾಖಲೆ ಎಂಬತ್ಮೂರು ಲಕ್ಷ ಇಪ್ಪತ್ತೆರಡು ಸಾವಿರ, ಆಕೆ ಬದಲಿಸಿದ್ದು ಎಂಬತ್ತು ಲಕ್ಷ ಎಂಬತ್ತಾರು ಸಾವಿರ. ನಡುವಿನ ಅಂತರ ಸಾಫ್ಟ್‌ವೇರ್ ತಿದ್ದಿದಾಗಿನಿಂದ ಈ ಮೂರು ವಾರದಲ್ಲಿ ಹೊಸದಾಗಿ ಬಂದವು, ಅವುಗಳಲ್ಲಿ ಫೀಲ್ಡ್ ಮೊದಲೇ ಇದೆ ಎಂದುಕೊಂಡಳು. ದಿನಕ್ಕೆ ಬರುವುದು ಎರಡು ಸಾವಿರ ಎಂದು ಗುಣಿಸಿದ್ದರೆ ಸಾಕಿತ್ತು; ಗುಣಿಸಲಿಲ್ಲ. ಫೀಲ್ಡ್ ಇಲ್ಲದವು ಎಷ್ಟು ಉಳಿದಿವೆ ಎಂದು ಸರ್ವರನ್ನೇ ಕೇಳಬಹುದಿತ್ತು. ಆದರೆ ಅದಕ್ಕೆ ಇಂಡೆಕ್ಸ್, ಅಂದರೆ ಬೇಗ ಹುಡುಕುವ ಸೂಚಿ, ಇಲ್ಲ, ಎಂಬತ್ಮೂರು ಲಕ್ಷವನ್ನೂ ಒಂದೊಂದಾಗಿ ತೆರೆದು ನೋಡಬೇಕು, ಸುಮ್ಮನೆ ಯಾಕೆ ಸರ್ವರಿಗೆ ಭಾರ? ಆದಿತ್ಯವಾರ ನೋಡೋಣವೆಂದು ಬಿಟ್ಟಳು. ಆದಿತ್ಯವಾರ ಮರೆತಳು. “ಮುಗೀತು” ಎಂದು ಬರೆದು ಕಳಿಸಿದ್ದಕ್ಕೆ ಬಾಪೂಸಾಹೇಬರು ಪೇಢೆ ತರಿಸಿದರು. ಅಂದೇ ಷರಾದಲ್ಲಿ ಹುಡುಕುವ ಹಳೆಯ ಪೆಟ್ಟಿಗೆಯನ್ನು ಎಲ್ಲರ ಪರದೆಯಿಂದ ತೆಗೆದುಹಾಕಿದರು.

ಹತ್ತು ದಿನದ ಮೇಲೆ, ಸೋಮವಾರ ಬೆಳಗ್ಗೆ ಹತ್ತಕ್ಕೆ, ಮಿರಜಿನ ಒಂದು ರಕ್ತನಿಧಿಯಿಂದ ಟೆಕ್ನಿಶಿಯನ್ ಕಿಶೋರನ ಫೋನು ಬಂತು.

“ಅಕ್ಕಾರ, ಮ್ಹೈಸಾಳದ ಹರ್ಷದಾ ಅಂತ ಒಬ್ಬಾಕಿ ಅದಾಳ್ರಿ ಇಲ್ಲಿ. ಶನಿವಾರ ಹೆರಿಗಿ ಆತು. ಕೂಸು ಅರಾಮ ಐತಿ, ಆಕೀಗೆ ರಕ್ತ ನಿಂದ್ರವಲ್ದು. ಬಾಂಬೆ ಗುಂಪು. ಮುಂಬಯಿಯಿಂದ ಎರಡ ಬಾಟಲಿ ತರಿಸಿದ್ವಿ, ಖರ್ಚಾಗಿ ಹೋದ್ವು. ನಿಮ್ಮ ಹೊಸ ಹುಡುಕಾಟದಾಗ ನಮ್ಮ ಜಿಲ್ಲಾಕ್ಕ ಸೊನ್ನಿ ತೋರಸತೈತಿ. ಅದು ಖರೇನ ಏನ್ರಿ?”

ಮನಿಷಾ ಕ್ಷಣವೂ ಯೋಚಿಸಲಿಲ್ಲ. ಐದು ದಿನ ಉಸಿರು ಬಿಗಿಹಿಡಿದು ಮಾಡಿದ ಕೆಲಸವದು. “ಖರೇ ಐತಿ ಕಿಶೋರ. ಎಲ್ಲಾ ದಾಖಲಿ ಮುಗಿಸೇನಿ. ಸೊನ್ನಿ ಅಂದ್ರ ಸೊನ್ನಿನ. ಬ್ಯಾರೆ ಕಡೆ ನೋಡ್ರಿ.”

ಅವನು ಬೇರೆ ಕಡೆ ನೋಡಲು ಹೋದ.

ಮಧ್ಯಾಹ್ನ ಊಟಕ್ಕೆ ಮಿರಜಿನ ಮನೆಗೆ ಬಂದಾಗ ಈ ಮಾತನ್ನು ತಂದೆಯ ಮುಂದೆ ಹೇಳಿದಳು. ಗುರುಸಿದ್ಧಪ್ಪನವರು ಅದೇ ರಕ್ತನಿಧಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಮೊದಲೆಲ್ಲ ಇಂಥ ಕಷ್ಟ ಬಂದರೆ ಹುಡುಗರು ಅವರಿಗೇ ಫೋನು ಮಾಡುತ್ತಿದ್ದರು. ಹೊಸ ಗುಂಡಿ ಬಂದ ಮೇಲೆ ಯಾರೂ ಮಾಡುತ್ತಿರಲಿಲ್ಲ. ರೊಟ್ಟಿ ಮುರಿಯುತ್ತಿದ್ದ ಅವರ ಕೈ ನಿಂತಿತು.

“ಸೊನ್ನಿ ಹೆಂಗಾಗತೈತಿ? ಸಮಡೋಳಿ ಪಾಯಪ್ಪ ಅದಾನಲ್ಲ. ನಾನಽ ಅವನ ರಕ್ತ ಮೂರ ಸರತೆ ಪರೀಕ್ಷಾ ಮಾಡೇನಿ. ರಜಿಸ್ಟರದಾಗ ಕೆಂಪ ಶಾಯಿಲೆ ಬರದೇನಿ.”

“ಅದು ಕಂಪ್ಯೂಟರದಾಗ ಬಂದೈತೇನ್ರಿ ಅಪ್ಪಾ?”

“ಬರದ ಎಲ್ಲಿಗೆ ಹೋಗತೈತಿ? ನಿವೃತ್ತಿ ಆದ ಮ್ಯಾಲೆ ಎರಡ ವರ್ಷ ಕುಂತು, ಟೈಪ್ ಮಾಡೋ ಹುಡುಗರಿಗೆ ಒಂದೊಂದ ಸಾಲು ಓದಿ ಹೇಳೇನಿ. ದಾನಿ ಕೈಯಾಗಿನ ಕಾರ್ಡಿನ ನಂಬರಽ ಕಂಪ್ಯೂಟರದಾಗೂ ಇರಬೇಕು ಅಂತ ಹಟ ಹಿಡದು ಹಾಕಿಸೇನಿ.”

ಮನಿಷಾ ಅರ್ಧ ಊಟಕ್ಕೇ ಎದ್ದಳು. ಕೈಯನ್ನೂ ಸರಿಯಾಗಿ ತೊಳೆಯದೆ ಲ್ಯಾಪ್‌ಟಾಪ್ ತೆರೆದು, ತಂದೆ ನೆನಪಿನಿಂದ ಹೇಳಿದ ಕಾರ್ಡಿನ ನಂಬರನ್ನು ಹಾಕಿದಳು: ಮಿ-1998-0412. ದಾಖಲೆ ಕೂಡಲೇ ಬಂತು. ಪಾಯಪ್ಪ, ಸಮಡೋಳಿ. ಷರಾದಲ್ಲಿ ಬಾಂಬೆ ಗುಂಪು ಎಂದು ಬರೆದಿದೆ. ‘ವಿರಳ’ ಫೀಲ್ಡ್ ಇಲ್ಲವೇ ಇಲ್ಲ.

ಆಗಿದ್ದು ಇಷ್ಟೇ. ಪ್ರತಿ ದಾಖಲೆಗೂ ಒಂದು ಗುರುತು ಇರುತ್ತದೆ. ನಾವು ಕೊಡದಿದ್ದರೆ ಮಾಂಗೋ ಅದನ್ನು ತಾನೇ ಹುಟ್ಟಿಸುತ್ತದೆ, ಅದರೊಳಗೆ ಹುಟ್ಟಿದ ಗಳಿಗೆಯೂ ಅಡಗಿರುತ್ತದೆ. ಮನಿಷಾ ಆ ಗಳಿಗೆಯನ್ನೇ ಹಿಡಿದು, ಕಂಪನಿ ಶುರುವಾದ ತಿಂಗಳಿಂದ ಇಂದಿನವರೆಗೆ ತಿಂಗಳು ತಿಂಗಳಾಗಿ ಭಾಗ ಮಾಡಿ ಕಂತು ನಡೆಸಿದ್ದಳು. ತಂದೆಯ ದಾಖಲೆಗಳಿಗಾದರೋ ಅವರು ಹಟ ಹಿಡಿದು ಹಾಕಿಸಿದ ಕಾರ್ಡಿನ ನಂಬರೇ ಗುರುತು, ಅದು ಅಕ್ಷರದ ಜಾತಿಯದು. ಇದಕ್ಕಿಂತ ದೊಡ್ಡದು, ಅದಕ್ಕಿಂತ ಚಿಕ್ಕದು ಎಂದು ಕೇಳಿದರೆ ಮಾಂಗೋ ಅದೇ ಜಾತಿಯ ಗುರುತುಗಳನ್ನಷ್ಟೇ ನೋಡುತ್ತದೆ. ಬೇರೆ ಜಾತಿಯವು ಪಕ್ಕದಲ್ಲೇ ಲಕ್ಷಗಟ್ಟಲೆ ಕೂತಿದ್ದರೂ ತಿರುಗಿ ನೋಡುವುದಿಲ್ಲ, ತಪ್ಪಾಯಿತೆಂದು ಕೂಗುವುದೂ ಇಲ್ಲ. ತಂದೆ ಬರೆಸಿದ ಸುಮಾರು ಎರಡು ಲಕ್ಷ ಸಾಲುಗಳನ್ನು ಮಗಳ ಹದಿನಾರು ಸಾವಿರ ಕಂತುಗಳಲ್ಲಿ ಒಂದೂ ಮುಟ್ಟಿರಲಿಲ್ಲ.

“ಅಪ್ಪಾ, ಏಳ್ರಿ. ಸಮಡೋಳಿಗೆ ಹೋಗೂಣು” ಎಂದಳು. ದಾಖಲೆಯಲ್ಲಿದ್ದ ಫೋನು ನಂಬರು ಎಂದೋ ಸತ್ತಿತ್ತು. ದಾರಿಯಲ್ಲಿ ಕಿಶೋರನಿಗೆ ಫೋನು ಮಾಡಿ, ದಾನಿಯೊಬ್ಬ ಇದ್ದಾನೆ, ಕರೆತರುತ್ತೇವೆ, ತಯಾರಾಗಿರಿ ಎಂದಳು. ಅವನು, “ಲಗೂ ಬರ್ರಿ” ಎಂದ. ಬೆಳಗ್ಗೆ ಸೊನ್ನೆ ಖರೇ ಅಂದಿದ್ದಿರಲ್ಲ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಪಾಯಪ್ಪ ಹೊಲದಲ್ಲಿ ಕಬ್ಬಿಗೆ ನೀರು ಹಾಯಿಸುತ್ತಿದ್ದ. ಅರವತ್ತರ ಹತ್ತಿರದ ಗಟ್ಟಿ ಆಳು. ಬದುವಿನ ಮೇಲೆ ಏದುಸಿರು ಬಿಡುತ್ತ ಬಂದ ಗುರುಸಿದ್ಧಪ್ಪನವರನ್ನು ಕಂಡು ಸಲಿಕೆ ಬಿಟ್ಟ.

“ಗುರುಸಿದ್ಧಪ್ಪಣ್ಣಾ! ಎಷ್ಟ ವರ್ಷಾತೋ ನೀವು ಕರೀದ. ನನ್ನ ರಕ್ತ ಇನ್ನ ಬ್ಯಾಡಾತೇನೋ ಅನ್ಕೊಂಡಿದ್ದೆ.”

ವಿಷಯ ಕೇಳಿದ್ದೇ ತಡ, ಅವನು ಬದು ದಾಟಿದ. ಕೆಸರು ಕಾಲಿನಲ್ಲೇ ಬಂದು ಅವರು ತಂದಿದ್ದ ರಿಕ್ಷಾ ಹತ್ತಿದ.

ಮಿರಜ ಮುಟ್ಟಿದಾಗ ಮೂರೂವರೆ. ಕಿಶೋರ ಬಾಗಿಲಲ್ಲೇ ನಿಂತಿದ್ದ. ಅವನ ಮುಖ ನೋಡಿ ಮನಿಷಾಳಿಗೆ ಗೊತ್ತಾಯಿತು, ಆದರೂ ಗೊತ್ತಾಗದವಳಂತೆ ಒಳಗೆ ನಡೆದಳು. ಪಾಯಪ್ಪನನ್ನು ಕುರ್ಚಿಯ ಮೇಲೆ ಕೂರಿಸಿದಳು. ಅವನು ಅಂಗಿ ತೋಳು ಮಡಚಿ ಕೈ ಚಾಚಿ ಕೂತ.

“ಹತ್ತ ನಿಮಿಷ ಆತ್ರಿ” ಎಂದ ಕಿಶೋರ, ಹಿಂದಿನಿಂದ. “ಹೋದ್ಲು.”

ಪಾಯಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನ ಕೈ ಇನ್ನೂ ಚಾಚಿಯೇ ಇತ್ತು. “ಮತ್ತ ನಾ ಏನ ಮಾಡ್ಲಿ? ಕೊಡ್ಲ್ಯೋ, ಹೋಗ್ಲ್ಯೋ?” ಎಂದು ಕೇಳಿದ.

ಮನಿಷಾ ಕಿಶೋರನನ್ನು ಬದಿಗೆ ಕರೆದು, ಹತ್ತು ಗಂಟೆಗೇ ಪಾಯಪ್ಪನ ಹೆಸರು ಸಿಕ್ಕಿದ್ದರೆ ಅವಳನ್ನು ಉಳಿಸಲು ಆಗುತ್ತಿತ್ತೇ ಎಂದು ಕೇಳಿದಳು. ಅವನು ಸುಳ್ಳು ಹೇಳಲು ನೋಡಿದ. ರಕ್ತ ತೆಗೆದ ಮೇಲೆ ಪರೀಕ್ಷೆಗೆ ಎರಡು ತಾಸು ಬೇಕು, ಹೇಳಲಿಕ್ಕೆ ಬರುವುದಿಲ್ಲ ಎಂದ. ಆಮೇಲೆ ತಾನೇ ತಲೆ ಬಗ್ಗಿಸಿ, “ಆಗತಿತ್ರಿ. ಶನಿವಾರಽ ಗೊತ್ತಾಗಿದ್ರ ನಕ್ಕೋತ ಮನಿಗೆ ಹೋಗತಿದ್ಲು” ಎಂದ.

ಮರುದಿನ ಮನಿಷಾ ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಲು ಕೂತಳು. ಅಕ್ಷರದ ಗುರುತಿನವುಗಳಿಗೆ ಬೇರೆಯೇ ಕಂತು. ಆಗಲೂ ಐನೂರೇ, ಆಗಲೂ ನಡುವೆ ಎರಡು ಸೆಕೆಂಡು. ಅವಸರ ಮಾಡಿದರೆ ಇನ್ನೊಂದು ಊರಿನಲ್ಲಿ ಇನ್ನೊಬ್ಬಳಿಗೆ ರಕ್ತ ಹುಡುಕುತ್ತಿರುವವರ ಪರದೆ ನಿಲ್ಲುತ್ತದೆ. ಆ ಎರಡೆರಡು ಸೆಕೆಂಡು ತಡೆಯಲಾಗದಂತಿದ್ದರೂ ಕಾದಳು. ಅರ್ಧ ತಾಸಿನಲ್ಲಿ ಮುಗಿಯಿತು. ಒಂದು ಲಕ್ಷ ತೊಂಬತ್ನಾಲ್ಕು ಸಾವಿರ. ಆಮೇಲೆ ಫೀಲ್ಡ್ ಇಲ್ಲದೆ ಉಳಿದದ್ದನ್ನು ಎಣಿಸಿದಳು, ಸರ್ವರಿಗೆ ಎಷ್ಟು ಭಾರವಾದರೂ ಆಗಲಿ ಎಂದು; ಒಂದೂ ಇರಲಿಲ್ಲ. ನಕಲಿನ ಒಂದು ಮಶೀನನ್ನೇ ಕೇಳಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಇದನ್ನು ಹನ್ನೊಂದು ದಿನದ ಹಿಂದೆಯೂ ಮಾಡಬಹುದಿತ್ತು.

ಕಿಶೋರ ಒತ್ತಿದ ಗುಂಡಿಯನ್ನೇ ಒತ್ತಿದಳು. ಸಾಂಗಲಿ ಜಿಲ್ಲೆಗೆ ನಾಲ್ಕು ಹೆಸರು ಬಂದವು. ಮೊದಲನೆಯದು ಪಾಯಪ್ಪ. ಎರಡು ಹಳೆಯವು, ವಯಸ್ಸು ಮೀರಿದವು. ನಾಲ್ಕನೆಯದು ಸಿದರಾಯ, ಮ್ಹೈಸಾಳ, ಈಗ ನಲವತ್ತೈದು ವರ್ಷ. ಫೋನು ನಂಬರು ಚಾಲ್ತಿಯಲ್ಲಿತ್ತು.

ಅಷ್ಟರಲ್ಲಿ ಹರ್ಷದಾಳ ಗಂಡ ಓಂಕಾರನ ಫೋನು ಬಂತು. ನಂಬರು ಕಿಶೋರ ಕೊಟ್ಟಿದ್ದನಂತೆ. ಹಿಂದೆ ಕೂಸು ಅಳುತ್ತಿತ್ತು.

“ಮ್ಯಾಡಮ್ಮಾರ, ನಿಮ್ಮ ತಂದೆಯವರು ಈ ವಯಸ್ಸಿನಾಗ ಹೊಲದ ತನಕಾ ಓಡಿ ಹೋದ್ರಂತ. ಭಾಳ ಉಪಕಾರ ಆತ್ರಿ. ನಮ್ಮ ಸೋದರಮಾವ ಸಿದರಾಯ ಇಲ್ಲೇ ಕುಂತಾನ್ರಿ, ಅಳಾಕತ್ಯಾನ. ಅವಂದೂ ಅದಽ ಗುಂಪಂತ್ರಿ, ಅವಂಗ ಈಗ ನೆನಪಾತು. ಎಂದೋ ಒಮ್ಮೆ ಕೊಟ್ಟಿದ್ನಂತ, ಮರತ ಬಿಟ್ಟಿದ್ದ. ನಿಮ್ಮ ಕಂಪ್ಯೂಟರದಾಗ ಅವನ ಹೆಸರು ಇರಲಿಲ್ಲಲ್ರಿ? ಕಂಪ್ಯೂಟರಿಗೇ ಗೊತ್ತಿರಲಿಲ್ಲ, ನಿಮಗ ಹೆಂಗ ನೆನಪಿರಬೇಕು ಅಂತ ಒಂದ ಮಾತು ಹೇಳಿಬಿಡ್ರಿ ಅವಂಗ. ತನ್ನಿಂದಽ ಹೋದ್ಲು ಅಂತ ಅನ್ನಾಕತ್ಯಾನ.”

ಹೆಸರು ಅವಳ ಕಣ್ಣ ಮುಂದೆಯೇ ಇತ್ತು.

“ಇತ್ರಿ” ಎಂದಳು ಮನಿಷಾ. “ಮೊದಲಿಂದಾನೂ ಇತ್ತು. ಅವರ ತಪ್ಪಲ್ಲ ಅಂತ ಹೇಳ್ರಿ.”

ಆ ಕಡೆ ಕೂಸಿನ ಅಳು ಜೋರಾಯಿತು. ಆಮೇಲೆ ಓಂಕಾರ ಮೆಲ್ಲಗೆ, “ಹಂಗಾರ ಯಾರದ್ರೀ?” ಎಂದು ಕೇಳಿದ.