ಸಹಿಗಳ ಮೇಲಿನ ಖಾಲಿ ಜಾಗ

ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ನಡಾವಳಿ ಪುಸ್ತಕದ ಬರಹ ನಿಂತಿತ್ತು. ಕಮಲಾಪುರದ ನೀರು ಬಳಕೆದಾರರ ಸಂಘದ ಶುಕ್ರವಾರದ ಸಭೆ. ನಾಲ್ಕನೆಯ ವಿಷಯ, ಈ ಬೆಳೆಗೆ ನೀರಿನ ಪಾಳಿ. ‘ಎರ್ರೆಮ್ಮನವರು ಮಾತನಾಡಿ, ಕಾಲುವೆಯ ಬಾಲದ ಹೊಲಗಳಿಗೆ ಹೋದ ಎರಡು ಸಲವೂ’ ಎಂಬಲ್ಲಿಗೆ ಪೆನ್ನು ಎದ್ದಿತ್ತು. ಕಾರ್ಯದರ್ಶಿ ಶೈಲಜಾ, ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದ ಸುದ್ದಿ ಬಂದದ್ದೇ, ಅಂಚಿನಲ್ಲಿ ಗಂಟೆ ಬರೆದು ಸಹಿ ಹಾಕಿ ಹೊಸಪೇಟೆಯ ಆಸ್ಪತ್ರೆಗೆ ಓಡಿದ್ದಳು. ಸಭೆ ಮಾತ್ರ ಮುಂದುವರಿದಿತ್ತು. ಬರೆಯುವವರಿಲ್ಲ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಸೋಮವಾರ ಪ್ರಭಾರ ಕಾರ್ಯದರ್ಶಿಯಾಗಿ ಕುರ್ಚಿಯಲ್ಲಿ ಕುಳಿತ ಸುಷ್ಮಿತಾ ಪುಸ್ತಕ ತೆರೆದು ಬೆಚ್ಚಿದಳು. ಅರ್ಧ ವಾಕ್ಯದ ಕೆಳಗೆ ಮುಕ್ಕಾಲು ಪುಟ ಖಾಲಿ. ಪುಟದ ಕೊನೆಯಲ್ಲಿ ಒಂಬತ್ತೂ ನಿರ್ದೇಶಕರ ಸಹಿ. ಸಂಘದ ಹಳೆಯ ವಾಡಿಕೆ ಅದು. ಬಸ್ಸು, ಹೊಲ ಅಂತ ಎಲ್ಲರಿಗೂ ಅವಸರ. ಚಹಾ ಬರುವ ಮೊದಲೇ ಕೆಳಗೆ ಸಹಿ ಹಾಕಿಬಿಡುತ್ತಿದ್ದರು, ಮೇಲಿನದನ್ನು ಕಾರ್ಯದರ್ಶಿ ತುಂಬಿಕೊಳ್ಳುತ್ತಿದ್ದಳು.

ಅಧ್ಯಕ್ಷ ಕೊಟ್ರಯ್ಯ ಬಂದಾಗ ಹನ್ನೊಂದು ಗಂಟೆ. ಅಕ್ಕಿ ಗಿರಣಿಯ ಮಾಲೀಕರು; ಅವರ ಗದ್ದೆ ಕಾಲುವೆಯ ತಲೆಯಲ್ಲೇ, ನೀರು ಮೊದಲು ಬರುವ ಕಡೆ ಇದೆ.

“ಸಹಿ ಅದಾವಲ್ಲವಾ, ಇನ್ನೇನು? ಮ್ಯಾಲೆ ನಾಕು ಸಾಲು ಬರಿ. ತಲೆಯಿಂದ ಪಾಳಿ ಶುರು, ಎಲ್ಲರೂ ಒಪ್ಪಿದ್ರು, ಅಷ್ಟ. ಗುರುವಾರ ಸಂಜೀಕ ಇಂಜಿನಿಯರ್ ಆಫೀಸಿಗೆ ಠರಾವಿನ ನಕಲು ಹೋಗಬೇಕು. ಶನಿವಾರ ನೀರು ಬಿಡ್ತಾರ.”

“ನಾ ಸಭಾದಾಗ ಇರಲಿಲ್ಲ ಯಜಮಾನ್ರ.”

“ನಾ ಇದ್ನಲ್ಲ! ನನ್ನ ಬಾಯಿಗೇನು ಬರ ಬಂದದೇನು?”

“ನೀವು ಹೇಳಿದ್ದನ್ನ ‘ಅಧ್ಯಕ್ಷರು ಹೇಳಿದ್ದು’ ಅಂತ ಬರೀತೀನ್ರಿ. ಸಭಾ ಠರಾಯಿಸಿತು ಅಂತ ನಾ ಹೆಂಗ ಬರೀಲಿ?”

ಕೊಟ್ರಯ್ಯ ಹುಬ್ಬು ಗಂಟಿಕ್ಕಿದರು. ಸುಷ್ಮಿತಾ ಶೈಲಜಾಗೆ ಫೋನು ಮಾಡಿ ಸ್ಪೀಕರ್‌ಗೆ ಹಾಕಿದಳು.

“ಎರ್ರೆಮ್ಮಕ್ಕ ಬಾಯಿ ತಗದಿದ್ದಳು, ನಾ ಎದ್ದು ಬಂದೆ. ಅಲ್ಲೀತನಕ ನಾ ಬರದದ್ದಕ್ಕ ನಾ ಜವಾಬ್ದಾರಿ. ಆಮ್ಯಾಲಿಂದು ನಾ ಕೇಳಿಲ್ಲ, ಹೇಳಂಗಿಲ್ಲ” ಎಂದಳು ಶೈಲಜಾ. “ಇನ್ನ ಆ ಖಾಲಿ ಜಾಗಕ್ಕ ಮೊದಲು ಗೀಟು ಹೊಡಿ ತಂಗಿ. ಅದಿದ್ರ ಒಬ್ಬರಲ್ಲ ಒಬ್ಬರು ತುಂಬ್ತಾರ.”

ಕೊಟ್ರಯ್ಯನವರ ಎದುರಿಗೇ ಸುಷ್ಮಿತಾ ಸ್ಕೇಲಿಟ್ಟು ಮೂಲೆಯಿಂದ ಮೂಲೆಗೆ ಗೆರೆ ಎಳೆದಳು. ‘ಇಲ್ಲಿ ಏನೂ ದಾಖಲಾಗಿಲ್ಲ’ ಎಂದು ಬರೆದು, ತಾರೀಕು ಹಾಕಿ ಸಹಿ ಮಾಡಿದಳು. ಪೆನ್ನನ್ನು ಅವರ ಕಡೆ ಚಾಚಿದಳು. ಅವರು ಅವಳ ಮುಖ ನೋಡಿದರು, ಪೆನ್ನು ನೋಡಿದರು, ಸಹಿ ಹಾಕಿದರು. ಗುರುವಾರದ ತುರ್ತು ಸಭೆಯ ನೋಟಿಸಿಗೂ ಹಾಕಿದರು. “ಭಾಳ ಶಾಣ್ಯಾಕಿ ಅದಿ” ಎಂದು ಗೊಣಗಿಕೊಂಡೇ ಮೆಟ್ಟಿಲಿಳಿದರು.

ಮುಂದಿನ ಎರಡು ದಿನ ಸುಷ್ಮಿತಾ ಒಬ್ಬೊಬ್ಬ ನಿರ್ದೇಶಕರನ್ನೂ ಬೇರೆ ಬೇರೆಯಾಗಿ ಕಂಡಳು. ಎಲ್ಲರಿಗೂ ಒಂದೇ ಪ್ರಶ್ನೆ: ಶೈಲಜಾ ಹೋದ ಮೇಲೆ ಪಾಳಿಯ ಬಗ್ಗೆ ಏನಾಯಿತು? ಮೊದಲಿನವರು ಏನಂದರು ಎಂದು ನಂತರದವರಿಗೆ ಹೇಳಲಿಲ್ಲ. ಅವರ ಮಾತನ್ನು ಅವರದೇ ಬಾಯಲ್ಲಿ ಬರೆದುಕೊಂಡು, ಓದಿ ಹೇಳಿ, ಸಹಿ ಪಡೆದಳು. ಬಾಲದ ಹೊಲಗಳಿಗೆ ಮೊದಲ ಪಾಳಿ ಎಂದು ತೀರ್ಮಾನವಾಯಿತು ಎಂದವರು ನಾಲ್ವರು. ಗದ್ದಲ ಮಾತ್ರ ನೆನಪಿದೆ ಎಂದವರು ಮೂವರು. ಮಲ್ಲೇಶ್ ಆಗ ಫೋನು ಹಿಡಿದು ಹೊರಗೆ ನಿಂತಿದ್ದ. ತಲೆಯಿಂದ ಎಂದವರು ಕೊಟ್ರಯ್ಯ ಒಬ್ಬರೇ. ಸೂಚಿಸಿದವರು, ಅನುಮೋದಿಸಿದವರು ಯಾರೆಂದು ಒಬ್ಬರಿಗೂ ನೆನಪಿರಲಿಲ್ಲ.

ನಾಲ್ವರಲ್ಲಿ ಒಬ್ಬಳು ಎರ್ರೆಮ್ಮ. ಬಾಲದಲ್ಲಿ ಅವಳದು ಎರಡು ಎಕರೆ ಬಾಳೆ. ಹೋದ ಎರಡು ಬೆಳೆಗೂ ನೀರು ಅವಳ ಬದುವಿಗೆ ಬರುವಷ್ಟರಲ್ಲಿ ಪಾಳಿ ಮುಗಿದಿತ್ತು. ಈ ಸಲವೂ ತಪ್ಪಿದರೆ ಗೊನೆ ಬಿಡುವುದಿಲ್ಲ.

“ನಾಕು ಮಂದಿ ಹೇಳ್ಯಾರಲ್ಲೇ, ಆ ಕಡೆ ಒಬ್ಬನೇ. ಠರಾವಾತು ಅಂತ ಬರದು ಬಿಡು!”

“ಯಜಮಾನರಿಗೂ ಬರಿಯಂಗಿಲ್ಲ ಅಂದೀನಿ ಎರ್ರೆಮ್ಮಕ್ಕ. ನೆನಪಿಗೆ ಓಟು ಹಾಕಿಸಾಕ ಬರಂಗಿಲ್ಲ.”

“ನನ್ನ ಬಾಳಿ ಒಣಗಿದ್ರ ನಿನ್ನ ಪುಸ್ತಕ ಹಾಸಿಕೊಂಡು ಮಲಕ್ಕಳ್ಳೇನು?”

ಆ ಬಾಳೆಯ ಸುಳಿ ಬಾಡಿದ್ದನ್ನು ಸುಷ್ಮಿತಾ ಬರುವಾಗಲೇ ಕಂಡಿದ್ದಳು. “ಇವತ್ತು ನಿನಗಂತ ಬರದ್ರ, ನಾಳೆ ಇನ್ನೊಬ್ಬರಿಗಂತ ಬರೀಬೇಕಾಕ್ಕತಿ” ಎಂದು ಎದ್ದಳು. ಎರ್ರೆಮ್ಮ ನೀರು ಕುಡಿ ಅಂತ ಕೂಡ ಅನ್ನಲಿಲ್ಲ.

ಕೊನೆಗೆ ನೀರುಗಂಟಿ ಹಂಪಯ್ಯ. ತೂಬುಗಳನ್ನು ತೆರೆದು ಮುಚ್ಚುವವನು. ಸಭೆಯ ದಿನ ಬಾಗಿಲ ಬಳಿ ನಿಂತಿದ್ದ. ಅಂಗಿಯ ಜೇಬಿನಿಂದ ಬೆವರಿಗೆ ಮೆತ್ತಗಾದ ಪುಟ್ಟ ಡೈರಿ ತೆಗೆದ. ಶುಕ್ರವಾರದ ಹಾಳೆಯಲ್ಲಿ ಪೆನ್ಸಿಲ್ಲಿನಲ್ಲಿ ಇದ್ದದ್ದು ಎರಡೇ ಮಾತು: ‘ಬಾಲ ಮೊದ್ಲು. 2 ಅಡಿ.’

“ಎರಡಡಿ ಅಂದ್ರ ಏನು ತಾತ?”

“ಯಾರೋ ಅಂದ್ರು, ಬರಕೊಂಡೆ. ಆಮ್ಯಾಲೆ ಜಗಳ ಹತ್ತಿತು. ಈಗ ನೆನಪಿಲ್ಲವ್ವಾ.”

ತನಗೆ ಅರ್ಥವಾಗದ್ದನ್ನು ಬಿಟ್ಟುಬಿಡಲು ಅವಳಿಗೆ ಮನಸ್ಸಾಗಲಿಲ್ಲ. ಅರ್ಥ ಹಚ್ಚಲೂ ಇಲ್ಲ. ಡೈರಿಯ ಹಾಳೆಯ ಫೋಟೋ ತೆಗೆದು, ಇದ್ದಂತೆಯೇ ನಕಲು ಮಾಡಿದಳು.

ಗುರುವಾರ ಹತ್ತಕ್ಕೆ ಒಂಬತ್ತೂ ಮಂದಿ ಬಂದರು. ಸುಷ್ಮಿತಾ ಎದ್ದು ನಿಂತು ಹೊಸ ಪುಟದಿಂದ ಓದಿದಳು.

“ಕೆಳಗಿನದು ಸಭೆಯಲ್ಲಿ ಬರೆದದ್ದಲ್ಲ. ನಂತರ ಹಾಜರಿದ್ದವರನ್ನು ಕೇಳಿ ಬರೆದದ್ದು. ಬರೆದವಳು ಸಭೆಯಲ್ಲಿ ಇರಲಿಲ್ಲ.” ಯಾರು ಏನಂದರು ಎಂದು ಹೆಸರು ಹಿಡಿದು ಓದಿದಳು. “ಸೂಚಕರು, ಅನುಮೋದಕರು: ತಿಳಿದುಬಂದಿಲ್ಲ. ಠರಾವು ಆಯಿತೆಂದು ಖಚಿತಪಡಿಸಲು ಆಧಾರ ಸಾಲದು. ನೀರುಗಂಟಿಯ ಡೈರಿಯಲ್ಲಿ ಇರುವುದು: ಬಾಲ ಮೊದ್ಲು. ಎರಡು ಅಡಿ. ಇದರ ಅರ್ಥ ಅವರಿಗೂ ನೆನಪಿಲ್ಲ.”

“ತಡಿ, ತಡಿ” ಎಂದರು ಕೊಟ್ರಯ್ಯ. “ಎರಡಡಿ ಅಂದವ ನಾನ. ತಲೆಯ ಗೇಜಿನಾಗ ನೀರು ಎರಡಡಿ ಇದ್ರ ಬಾಲಕ್ಕ ಮೊದಲು ಬಿಡ್ರಿ. ಕಡಿಮಿ ಇದ್ರ ಆ ನೀರು ಬಾಲ ಮುಟ್ಟಂಗಿಲ್ಲ, ದಾರ‍್ಯಾಗ ಇಂಗ್ತೈತಿ, ಆವಾಗ ತಲೆಯಿಂದ. ಹಂಗಂದಿದ್ದೆ. ನನಗ ಕೊನೀ ಮಾತಷ್ಟೇ ನೆನಪುಳೀತು.”

“ನನಗ ಮೊದಲಿಂದಷ್ಟೇ ಉಳೀತು” ಎಂದಳು ಎರ್ರೆಮ್ಮ. ಸಭೆಯೆಲ್ಲ ನಕ್ಕಿತು. ಗದ್ದಲ ಮಾತ್ರ ನೆನಪಿದ್ದ ಮೂವರಲ್ಲಿ ಇಬ್ಬರು ತಲೆಯಾಡಿಸಿದರು: ಹೌದು, ಗೇಜಿನ ಮಾತು ಬಂದಿತ್ತು.

“ಹಂಗಾದ್ರ ಹಳೇದನ್ನ ತಿದ್ದಿ ಠರಾವು ಅಂತ ಬರಿ” ಎಂದ ಮಲ್ಲೇಶ್.

“ತಿದ್ದಂಗಿಲ್ಲಣ್ಣ. ಯಜಮಾನರು ಈಗ ಹೇಳಿದ್ದನ್ನ ಇವತ್ತಿನ ತಾರೀಕಿಗೆ ಬರೀತೀನಿ. ಪಾಳಿನ ಇವತ್ತು ಹೊಸದಾಗಿ ಓಟಿಗೆ ಹಾಕ್ರಿ.”

ಗೇಜಿನಲ್ಲಿ ಎರಡಡಿ ಇದ್ದರೆ ಬಾಲ ಮೊದಲು, ಇಲ್ಲದಿದ್ದರೆ ತಲೆಯಿಂದ ಎಂದು ಎರ್ರೆಮ್ಮ ಸೂಚಿಸಿದಳು, ಮಲ್ಲೇಶ್ ಅನುಮೋದಿಸಿದ. ಏಳು ಕೈ ಪರ, ಎರಡು ವಿರೋಧ. ಸುಷ್ಮಿತಾ ಬರೆದು ಮುಗಿಸುವವರೆಗೆ ಚಹಾ ತಣ್ಣಗಾಗುತ್ತಿದ್ದರೂ ಯಾರೂ ಏಳಲಿಲ್ಲ. ಅವಳು ಓದಿ ಹೇಳಿದಳು. ಆಮೇಲೆ, ಸಂಘದಲ್ಲಿ ಮೊದಲ ಬಾರಿಗೆ, ಕೊನೆಯ ಸಾಲಿಗೆ ಅಂಟಿಕೊಂಡಂತೆ ಒಂಬತ್ತು ಸಹಿಗಳು ಬಿದ್ದವು. ಮಧ್ಯೆ ಒಂದು ಅಕ್ಷರಕ್ಕೂ ಜಾಗವಿರಲಿಲ್ಲ.

ಕೊಟ್ರಯ್ಯ ಪುಸ್ತಕವನ್ನು ಕೈಯಲ್ಲಿ ಹಿಡಿದು ಎರಡೂ ಪುಟ ನೋಡಿದರು, ಗೆರೆ ಹೊಡೆದದ್ದನ್ನೂ, ತುಂಬಿದ್ದನ್ನೂ. “ಯಾವ ಆಫೀಸರ್ ಬೇಕಾದ್ರೂ ಬರ್ಲಿ, ಈ ಪುಸ್ತಕ ತಗದು ತೋರಸ್ತೀನಿ” ಎಂದರು. ಸುಷ್ಮಿತಾ ತಲೆ ತಗ್ಗಿಸಿ ನಕಲಿಗೆ ಮೊಹರು ಒತ್ತಿದಳು. ನಗು ಮಾತ್ರ ತಡೆಯಲಾಗಲಿಲ್ಲ.

ಶನಿವಾರ ಬೆಳಿಗ್ಗೆ ಆರಕ್ಕೆ ಹಂಪಯ್ಯ ಗೇಜು ನೋಡಿದ: ಎರಡು ಅಡಿ ಮೂರು ಇಂಚು. ಮಧ್ಯಾಹ್ನ ಮೂರೂವರೆಗೆ ಎರ್ರೆಮ್ಮನ ಬದುವಿಗೆ ನೀರು ಮುಟ್ಟಿತು.