ಹಬ್ಬದ ಸಂಜೆಯ ಒಂದು ಗಂಟೆ

"ಈ ದೀಪಾವಳಿಗೆ ನೀವು ಮನೇಲೇ ಇರಿ, ವೃಂದಾಬೆನ್. ಮುಹೂರ್ತದ ಕೆಲಸ ತಪನ್ ನೋಡ್ಕೋತಾನೆ" ಎಂದರು ಕೀರ್ತಿಕಾಂತಭಾಯಿ. ಕನ್ನಡಕ ತೆಗೆದು ಒರೆಸುತ್ತ, ಅವಳ ಮುಖ ನೋಡದೆ ಹೇಳಿದರು. ಬೈಯುವಾಗ ಅವರು ಕಣ್ಣಲ್ಲಿ ಕಣ್ಣಿಟ್ಟು ಬೈಯುವವರು. ಆದ್ದರಿಂದ ಇದು ಬೈಗುಳಕ್ಕಿಂತ ದೊಡ್ಡದೆಂದು ವೃಂದಾಗೆ ಗೊತ್ತಾಯಿತು.

"ಆಗಲಿ ಭಾಯಿ. ಅತ್ತೆಗೂ ಖುಷಿಯಾಗುತ್ತೆ" ಎಂದು ಎದ್ದು ಬಂದಳು.

ಮುಂಬಯಿಯ ಫೋರ್ಟ್‌ನಲ್ಲಿ, ಷೇರುಪೇಟೆಯ ಗೋಪುರ ಕಿಟಕಿಯಿಂದ ಕಾಣುವಷ್ಟು ಹತ್ತಿರದಲ್ಲಿ ಆ ದಲಾಲಿ ಕಚೇರಿ. ಕೀರ್ತಿಕಾಂತಭಾಯಿಯ ತಂದೆ ಶುರುಮಾಡಿದ್ದು. ವೃಂದಾ ಪರಾಡ್ಕರ್ ಅಲ್ಲಿ ಯಾವ ಷೇರನ್ನೂ ಕೊಳ್ಳುವವಳಲ್ಲ, ಮಾರುವವಳಲ್ಲ. ಯಂತ್ರಗಳು ಯಾವ ಹೊತ್ತಿಗೆ ಯಾವ ಕೆಲಸ ಮಾಡಬೇಕೆಂದು ನಿಗದಿಮಾಡುವುದು ಅವಳ ಕೆಲಸ. ಬೆಳಿಗ್ಗೆ ಪೇಟೆ ತೆರೆಯುವ ಮುಂಚೆ ಷೇರುಗಳ ಪಟ್ಟಿ, ಪ್ರತಿ ಗಿರಾಕಿ ಎಷ್ಟರ ಮಟ್ಟಿಗೆ ವ್ಯವಹರಿಸಬಹುದೆಂಬ ಮಿತಿ, ಎಲ್ಲ ಒಳಗೆ ಬಂದು ಕೂತಿರಬೇಕು. ಅಂದೇ ಕೊಂಡು ಅಂದೇ ಮಾರುವೆವೆಂದವರ ವ್ಯವಹಾರವನ್ನು ಪೇಟೆ ಮುಚ್ಚುವ ಸ್ವಲ್ಪ ಮುಂಚೆ ಯಂತ್ರವೇ ತೀರಿಸಿಬಿಡಬೇಕು. ಇದಕ್ಕೆ ಸ್ಕ್ವೇರ್ ಆಫ್ ಅನ್ನುತ್ತಾರೆ. ಇದೆಲ್ಲ ದಿನಾ ತನ್ನಷ್ಟಕ್ಕೆ ನಡೆಯುತ್ತದೆ. ತೊಂದರೆ ಬರುವುದು ದಿನ ದಿನದಂತಿಲ್ಲದಾಗ. ಲಕ್ಷ್ಮೀಪೂಜೆಯ ದಿನ ಪೇಟೆಗೆ ರಜೆ, ಆದರೆ ಹೊಸ ವರ್ಷದ ಶುಭಕ್ಕೆಂದು ಸಂಜೆ ಒಂದು ಗಂಟೆ ಹೊತ್ತು ಮುಹೂರ್ತದ ವ್ಯವಹಾರ. ಕೆಲವೊಮ್ಮೆ ಶನಿವಾರ ಪೇಟೆ ತೆರೆಯುತ್ತದೆ. ಅಂಥ ದಿನಗಳಿಗೆಲ್ಲ ವೇಳಾಪಟ್ಟಿಯನ್ನು ಕೈಯಾರೆ ತಿದ್ದಬೇಕು. ಮದುವೆಯಾದಾಗಿನಿಂದ ವೃಂದಾ ಒಂದು ದೀಪಾವಳಿಯ ಸಂಜೆಯನ್ನೂ ಮನೆಯಲ್ಲಿ ಕಳೆದಿರಲಿಲ್ಲ.

ಈ ವರ್ಷ ಬೇಸಿಗೆಗೆ ಮುಂಚೆ ಅಂಥದೇ ಒಂದು ಶನಿವಾರ ಬಂದಿತ್ತು. ಮುಖ್ಯ ಕೇಂದ್ರ ಕೆಟ್ಟರೆ ಬದಲಿ ಕೇಂದ್ರದಿಂದ ಪೇಟೆ ನಡೆಸಬಹುದೇ ಎಂದು ನೋಡುವ ಪರೀಕ್ಷೆ. ಬೆಳಿಗ್ಗೆ ವ್ಯವಹಾರದ ಒಂದು ತುಂಡು, ಬಿಡುವು, ಮತ್ತೆ ಮಧ್ಯಾಹ್ನದವರೆಗೆ ಒಂದು ತುಂಡು. ವೃಂದಾ ಸ್ಕ್ವೇರ್ ಆಫನ್ನು ಮಧ್ಯಾಹ್ನಕ್ಕೆ ಎಳೆದಿಟ್ಟಳು. ಎಲ್ಲ ಹೂವೆತ್ತಿದಂತೆ ನಡೆಯಿತು. ಆದರೆ ಮನೆಗೆ ಹೋಗುವಾಗ ಅದನ್ನು ಹಳೆಯ ಹೊತ್ತಿಗೆ ವಾಪಸು ಇಡಲು ಮರೆತಳು. ಸೋಮವಾರ ಪೇಟೆ ಭರಾಟೆಯಲ್ಲಿದ್ದಾಗ, ಎಲ್ಲರೂ ಊಟದ ಡಬ್ಬಿ ಬಿಚ್ಚುತ್ತಿದ್ದಾಗ, ಯಂತ್ರ ಗಿರಾಕಿಗಳ ವ್ಯವಹಾರವನ್ನೆಲ್ಲ ಒಂದೇ ಸಮ ಮಾರಿ ಮುಗಿಸಿಬಿಟ್ಟಿತು. ಮಧ್ಯಾಹ್ನದ ಮೇಲೆ ಬೆಲೆಗಳು ಏರಿದವು. ಕೇಕೀ ಸೇಠ್ ಎಂಬ ಹಳೆಯ ಪಾರ್ಸಿ ಗಿರಾಕಿ ಕಚೇರಿಗೇ ಬಂದು ಮೇಜು ಕುಟ್ಟಿದರು. ನಷ್ಟವನ್ನು ಕೀರ್ತಿಕಾಂತಭಾಯಿ ತಮ್ಮ ಕೈಯಿಂದ ಕಟ್ಟಿಕೊಟ್ಟರು. ವೃಂದಾಗೆ ಒಂದು ಮಾತೂ ಅನ್ನಲಿಲ್ಲ. ಅನ್ನದೆ ಬಿಟ್ಟದ್ದು ಈಗ ಹೊರಬಂದಿತ್ತು.

ತಪನ್ ಭಾಯಿಯ ತಂಗಿಯ ಮಗ. ಮೂವತ್ತರ ಆಸುಪಾಸು, ಕೆಟ್ಟವನಲ್ಲ. ಚಹಾ ಹಿಡಿದುಕೊಂಡು ಅವಳ ಮೇಜಿಗೇ ಬಂದ.

"ವೃಂದಾಬೆನ್, ನಾನು ನಿಮ್ಮ ಕುರ್ಚಿ ಕಿತ್ಕೊಂಡೆ ಅಂತ ಅಂದ್ಕೋಬೇಡಿ."

"ಕುರ್ಚಿ ಏನು ನಮ್ಮಪ್ಪಂದಾ? ಕೇಳು, ಏನು ಬೇಕು?"

ಅವನು ಕೇಳಿದ. ಅವಳು ಹೇಳಿದಳು. ಯಂತ್ರದೊಳಗಿನ ಪಂಚಾಂಗದಲ್ಲಿ ಆ ದಿನವನ್ನು ರಜೆಯಿಂದ ಕೆಲಸದ ದಿನಕ್ಕೆ ಬದಲಿಸಬೇಕು, ಇಲ್ಲದಿದ್ದರೆ ಬೆಳಗಿನ ಯಾವ ಕೆಲಸವೂ ಓಡುವುದಿಲ್ಲ. ಆ ಕೆಲಸಗಳನ್ನು ಮಧ್ಯಾಹ್ನಕ್ಕೆ ತರಬೇಕು. ಸ್ಕ್ವೇರ್ ಆಫನ್ನು ಮುಹೂರ್ತ ಮುಗಿಯುವ ಕಾಲು ಗಂಟೆ ಮುಂಚೆ ಇಡಬೇಕು. ಮರುದಿನ ಪಾಡ್ಯ, ಪೇಟೆ ಇಲ್ಲ, ಆದ್ದರಿಂದ ಹಬ್ಬದ ಸಂಜೆ ಕೊಂಡ ಷೇರು ಖಾತೆಗೆ ಬರುವ ತಾರೀಕೂ ಮುಂದೆ ಹೋಗುತ್ತದೆ. ಅವನು ಎಲ್ಲ ಗುರುತುಮಾಡಿಕೊಂಡ. "ಇಷ್ಟೇ ತಾನೇ?" ಎಂದ.

ಇಷ್ಟೇ ಅಲ್ಲ. ಸಂಜೆ ಆರೂವರೆಗೆ ಒಂದು ಸಫಾಯಿ ಇತ್ತು. ಆ ದಿನ ಉಳಿದುಹೋದ ಆರ್ಡರುಗಳನ್ನೆಲ್ಲ ಅಳಿಸಿ ಆರ್ಡರಿನ ಬಾಗಿಲು ಮುಚ್ಚುವ ಕೆಲಸ. ಅದು ಹೊಸ ವೇಳಾಪಟ್ಟಿಯಲ್ಲಿ ಕಾಣುವುದಿಲ್ಲ. ಹಳೆಯ ಯಂತ್ರವೊಂದರೊಳಗೆ ಕೂತಿದೆ, ಪಂಚಾಂಗ ಮಾತ್ರ ಎರಡಕ್ಕೂ ಒಂದೇ. ರಜೆಯೆಂದಿದ್ದರೆ ಅದು ಮಲಗಿರುತ್ತದೆ. ಕೆಲಸದ ದಿನವೆಂದು ಬದಲಿಸಿದೊಡನೆ ಎದ್ದು ಕೂರುತ್ತದೆ. ಮುಹೂರ್ತ ಆರೂಕಾಲಿನಿಂದ ಏಳೂಕಾಲಿನವರೆಗೆ; ನಡುವೆಯೇ ಬಾಗಿಲು ಮುಚ್ಚಿಬಿಡುತ್ತದೆ.

"ನೀನು ಕೇಳಿದ್ದು ಇಷ್ಟೇ" ಎಂದಳು ವೃಂದಾ.

ಅವನು ಥ್ಯಾಂಕ್ಸ್ ಹೇಳಿ ಹೋದ. ಆಮೇಲೆ ಪೇಟೆಯವರೇ ಒಂದು ಶನಿವಾರ ಅಭ್ಯಾಸಕ್ಕೆಂದು ಅಣಕು ವ್ಯವಹಾರ ನಡೆಸಿದರು. ತಪನ್‌ನ ತಿದ್ದುಪಡಿಗಳೆಲ್ಲ ಚೆನ್ನಾಗಿ ಕೆಲಸಮಾಡಿದವು. ಅದು ಹಗಲಿನ ಅಣಕು. ಸಂಜೆಯ ಸಫಾಯಿ ಅದಕ್ಕೆ ಅಡ್ಡ ಬರಲಿಲ್ಲ. ಎಲ್ಲರೂ ಅವನ ಬೆನ್ನು ತಟ್ಟಿದರು. ವೃಂದಾ ಕೂಡ.

ಹಬ್ಬದ ದಿನ ಗಿರಗಾಂವದಲ್ಲಿ ವೃಂದಾಳ ಮನೆಯಿದ್ದ ಚಾಳಿನ ವಠಾರದಲ್ಲಿ ಬೆಳಗಿನಿಂದ ಗದ್ದಲ. ಅತ್ತೆ ಚಕಲಿ, ಕರಂಜಿ ಎಲ್ಲ ಕರಿದು ಮುಗಿಸಿ, ಸೊಸೆ ಮನೆಯಲ್ಲಿರುವುದನ್ನು ಪಕ್ಕದ ಬಾಗಿಲುಗಳಿಗೆಲ್ಲ ಸಾರಿ ಬಂದಿದ್ದರು. ಮಧ್ಯಾಹ್ನ ಇಳಿದ ಮೇಲೆ ವೃಂದಾ ಹೊಸ್ತಿಲ ಮುಂದೆ ರಂಗೋಲಿಗೆ ಕೂತಳು. ಗೆರೆ ಮೂರು ಸಲ ಸೊಟ್ಟಗಾಯಿತು.

"ಗೆರೆ ಯಾಕೆ ಸೊಟ್ಟ ಆಗ್ತಿದೆ? ಅಭ್ಯಾಸ ತಪ್ಪಿದೆಯಾ?" ಎಂದರು ಅತ್ತೆ.

"ಹೂಂ ಆಯಿ. ತಪ್ಪಿದೆ."

ಮನಸ್ಸು ಒಂದು ಲೆಕ್ಕ ಹಾಕುತ್ತಲೇ ಇತ್ತು. ತಾನು ಸುಳ್ಳು ಹೇಳಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದೇನೆ. ಇವತ್ತು ಅವನ ಕೈಯಲ್ಲೂ ಒಂದು ಎಡವಟ್ಟಾದರೆ, ಯಾರಿಗೆ ಬೇಕಾದರೂ ಹೀಗಾಗಬಹುದೆಂದು ಭಾಯಿಗೆ ತಿಳಿಯುತ್ತದೆ. ಈ ಮಾತನ್ನು ಮೂರು ವಾರದಿಂದ ಬಾಯಲ್ಲಿಟ್ಟುಕೊಂಡು ಚಪ್ಪರಿಸಿದ್ದಳು. ಈಗ ಅದು ಕಹಿಯಾಗಿತ್ತು. ಹಬ್ಬದ ಸಂಜೆ ಆರ್ಡರು ಹಾಕಲು ಬರುವವರು ಲಾಭಕ್ಕಾಗಿ ಬರುವವರಲ್ಲ. ಅಜ್ಜಿಯ ಹೆಸರಲ್ಲಿ ನಾಲ್ಕು ಷೇರು, ಮೊಮ್ಮಗುವಿನ ಹೆಸರಲ್ಲಿ ಎರಡು. ಶಕುನಕ್ಕೆಂದು ಕೊಂಡು ಇಟ್ಟುಕೊಳ್ಳುವವರು. ಆ ಹೊತ್ತಿನಲ್ಲೇ ಅವರ ಮುಖಕ್ಕೆ ಬಾಗಿಲು ಹಾಕಿದಂತಾಗುತ್ತದೆ. ಅವರೇನು ಮಾಡಿದ್ದರು ತನಗೆ?

ತಪನ್‌ಗೆ ಫೋನ್ ಮಾಡಿದಳು. ರಿಂಗಾಗಿ ನಿಂತಿತು. ಇನ್ನೊಮ್ಮೆ. ಕಚೇರಿಯ ಫೋನನ್ನೂ ಯಾರೂ ಎತ್ತಲಿಲ್ಲ. ಲೆಕ್ಕದ ಪುಸ್ತಕಗಳ ಚೋಪಡಾ ಪೂಜೆ ನಡೆಯುತ್ತಿರಬೇಕು, ಎಲ್ಲರೂ ಗಣಪತಿ, ಲಕ್ಷ್ಮಿಯರ ಮುಂದೆ ಕೈಮುಗಿದು ನಿಂತಿರಬೇಕು.

"ಆಯಿ, ಹೋಗಿ ಬರ್ತೀನಿ. ನೀವು ಪೂಜೆ ಶುರು ಮಾಡಿ."

"ಇವತ್ತೂ ಹೋಗ್ತೀಯಾ?" ಅತ್ತೆಯ ಕೈಯಲ್ಲಿ ಲಕ್ಷ್ಮಿಯೆಂದು ಪೂಜೆಗಿಟ್ಟ ಹೊಸ ಪೊರಕೆ ಹಾಗೇ ನಿಂತಿತು. "ಲಕ್ಷ್ಮಿ ಮನೆಗೆ ಬರೋ ಹೊತ್ತಲ್ಲಿ ನೀನು ಹೊರಗೆ ಹೊರಟಿದ್ದೀಯಲ್ಲೇ!"

ವೃಂದಾ ರಂಗೋಲಿ ಪುಡಿಯ ಕೈಯಲ್ಲೇ ಟ್ಯಾಕ್ಸಿ ಹತ್ತಿದಳು.

ಕಚೇರಿ ಚೆಂಡುಹೂವಿನಿಂದ ತುಂಬಿತ್ತು. ಹಿಂದೆ ಕೆಂಪು ಬಟ್ಟೆಯ ಹೊತ್ತಗೆಗಳನ್ನಿಡುತ್ತಿದ್ದ ಜಾಗದಲ್ಲಿ ಈಗ ಲ್ಯಾಪ್‌ಟಾಪುಗಳು, ಮುಚ್ಚಳದ ಮೇಲೆ ಕುಂಕುಮದ ಸ್ವಸ್ತಿಕ. ಗಂಟೆ ಬಾರಿಸಿ ವ್ಯವಹಾರ ಆಗಷ್ಟೇ ಶುರುವಾಗಿತ್ತು. ಬಾಗಿಲಲ್ಲೇ ಕೇಕೀ ಸೇಠ್ ಎದುರಾದರು, ಬಾಯಲ್ಲಿ ಪೇಡಾ.

"ಅರೆ ಡೀಕರಿ, ನೀನೂ ಬಂದ್ಯಾ ಮಗಳೇ? ನನ್ನ ಆರ್ಡರು ಕೆಳಗಿನ ಬೆಲೆಗೆ ಹಾಕಿ ಕಾಯ್ತಾ ಇದ್ದೀನಿ. ಇವತ್ತಾದ್ರೂ ನನ್ನನ್ನ ಅರ್ಧದಾರೀಲಿ ಇಳಿಸ್ಬೇಡಮ್ಮ!"

ಸುತ್ತಲಿದ್ದವರು ನಕ್ಕರು. ವೃಂದಾ ನಗಲಾಗದೆ ಒಳಗೆ ಹೋದಳು. ತಪನ್ ಹೊಸ ಕುರ್ತಾ ತೊಟ್ಟು ಪರದೆಯ ಮುಂದೆ ಕೂತಿದ್ದ.

"ಸಫಾಯಿ ಸರಿಸಿದ್ಯಾ?"

"ಯಾವ ಸಫಾಯಿ?"

"ಆರೂವರೆಯದು. ಹಳೇ ಯಂತ್ರದಲ್ಲಿದೆ. ಎದ್ದೇಳು, ಅಲ್ಲ, ನೀನೇ ಕೂತಿರು, ನಾನು ಹೇಳ್ತೀನಿ. ಬೇಗ."

ಅವನ ಮುಖದ ಬಣ್ಣ ಇಳಿಯಿತು. ಬೆರಳುಗಳು ಮಾತ್ರ ತಡವರಿಸಲಿಲ್ಲ. ಅವಳು ದಾರಿ ಹೇಳಿದಳು, ಅವನು ಹಳೆಯ ಯಂತ್ರದೊಳಗೆ ಇಳಿದ. ಆ ಕೆಲಸ ಅಲ್ಲಿತ್ತು, ತನ್ನ ಹೊತ್ತಿಗಾಗಿ ಕಾಯುತ್ತ. ಅವನು ಅದನ್ನು ಪೇಟೆ ಮುಚ್ಚಿದ ಮೇಲಿನ ಹೊತ್ತಿಗೆ ಸರಿಸಿದ. ಇಬ್ಬರೂ ಪರದೆಯ ಮೂಲೆಯ ಗಡಿಯಾರ ನೋಡಿದರು. ಆರೂವರೆ ಆಯಿತು. ಏನೂ ಆಗಲಿಲ್ಲ. ಹೊರಗೆ ಕೇಕೀ ಸೇಠ್ "ಬಂತು, ಬಂತು! ನನ್ನ ಬೆಲೆಗೇ ಬಂತು!" ಎಂದು ಕೂಗಿದರು.

ತಪನ್ ಉಸಿರು ಬಿಟ್ಟ. "ನೀವು ದೇವರ ಹಾಗೆ ಬಂದ್ರಿ. ಈಗ ನೆನಪಾಯ್ತಾ ನಿಮಗೆ?"

ಹೌದೆಂದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಸೀರೆಯ ಸೆರಗಿಗೆ ಅಂಟಿದ ರಂಗೋಲಿ ಪುಡಿ ಕೊಡವಿದಳು.

"ಇಲ್ಲ. ಆವತ್ತೇ ಗೊತ್ತಿತ್ತು. ನೀನು ಇಷ್ಟೇ ತಾನೇ ಅಂದಾಗಲೇ."

ತಪನ್ ಪರದೆ ಬಿಟ್ಟು ಅವಳ ಕಡೆ ತಿರುಗಿದ. "ದಿನಾ ನನ್ನ ಎದುರಿಗೆ ಕೂತು ಚಹಾ ಕುಡಿದ್ರಲ್ಲ, ವೃಂದಾಬೆನ್" ಎಂದ ಮೆಲ್ಲಗೆ. ಕೂಗಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಏಳೂಕಾಲಿಗೆ ಪೇಟೆ ಮುಚ್ಚಿತು. ಎಲ್ಲರೂ ಕೈಕುಲುಕಿ, ಸಿಹಿ ಹಂಚಿ ಹೊರಟರು. ವೃಂದಾ ಹೊರಡಲಿಲ್ಲ. "ವಾಪಸು ಇಡೋದು ಬಾಕಿ ಇದೆ. ಅಲ್ಲೇ ನಾನು ಬಿದ್ದದ್ದು" ಎಂದಳು. ತಪನ್ ಒಂದು ಕುರ್ಚಿ ಎಳೆದು ಕೊಟ್ಟ. ಅವಳು ಒಂದೊಂದನ್ನೇ ಓದಿದಳು, ಅವನು ಒಂದೊಂದನ್ನೇ ಹಳೆಯ ಹೊತ್ತಿಗೆ ತಂದ. ಆಮೇಲೆ ಅವನು ಓದಿದ, ಅವಳು ಪರದೆ ನೋಡಿದಳು. ಬೆಳಗಿನ ಕೆಲಸಗಳಲ್ಲಿ ಒಂದು ಇನ್ನೂ ಮಧ್ಯಾಹ್ನದಲ್ಲೇ ಉಳಿದಿದ್ದದ್ದು ಆ ಎರಡನೆಯ ಸಲ ಸಿಕ್ಕಿತು. ಇಬ್ಬರ ಕಣ್ಣಿಂದಲೂ ಮೊದಲು ತಪ್ಪಿತ್ತು.

ಅವಳು ಮನೆ ತಲುಪುವಾಗ ಅತ್ತೆ ಮಂಗಳಾರತಿ ಮುಗಿಸಿ, ಬತಾಸು, ಅರಳಿನಲ್ಲಿ ಅವಳ ಪಾಲು ಎತ್ತಿಟ್ಟು ಬಾಗಿಲಲ್ಲಿ ಕೂತಿದ್ದರು. ಬೈಯಲಿಲ್ಲ. ಸೊಟ್ಟ ರಂಗೋಲಿಯನ್ನು ಯಾರೋ ಪೂರ್ತಿ ಮಾಡಿದ್ದರು.

ಪಾಡ್ಯ ಕಳೆದು ಪೇಟೆ ಎಂದಿನಂತೆ ತೆರೆದ ದಿನ ವೃಂದಾ ತಾನಾಗಿ ಕೀರ್ತಿಕಾಂತಭಾಯಿಯ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಭಾಯಿ ಈ ಸಲ ಕಣ್ಣಲ್ಲಿ ಕಣ್ಣಿಟ್ಟು ಬೈದರು. ಕಚೇರಿಯವರೆಲ್ಲ ಕೇಳುವಷ್ಟು ಜೋರಾಗಿ. "ಮರೆವಿಗೆ ದುಡ್ಡು ಕಟ್ಟಿದೆ, ಇದಕ್ಕೆ ಏನು ಕಟ್ಟಲಿ ನಾನು?" ಎಂದರು. ಕೊನೆಗೆ ಸುಸ್ತಾಗಿ ನೀರು ಕುಡಿದು, "ಇಷ್ಟಾದ್ರೂ ಟ್ಯಾಕ್ಸಿ ಹತ್ತಿ ಬಂದ್ರಿ" ಎಂದು ಗೊಣಗಿದರು. ಹಬ್ಬದ, ಶನಿವಾರದ ಕೆಲಸವನ್ನು ಇನ್ನು ಯಾರೂ ಒಬ್ಬರೇ ಮಾಡಕೂಡದೆಂದು ಹೇಳಿ ಕಳಿಸಿದರು.

ತಪನ್ ಬಹಳ ದಿನ ಅವಳ ಮೇಜಿಗೆ ಚಹಾ ತರಲಿಲ್ಲ. ಕೆಲಸದ ಮಾತಷ್ಟೇ. ಅದನ್ನು ಅವಳು ತನಗೆ ಬರಬೇಕಾದದ್ದೆಂದೇ ತೆಗೆದುಕೊಂಡಳು.

ಜನವರಿಯಲ್ಲಿ ಸುತ್ತೋಲೆ ಬಂತು: ಬಜೆಟ್ ರವಿವಾರ ಬೀಳುತ್ತದೆ, ಅಂದು ಪೇಟೆ ಪೂರ್ತಿ ದಿನ ತೆರೆದಿರುತ್ತದೆ. ತಪನ್ ಕುರ್ಚಿ ತಿರುಗಿಸಿ, "ಏನೇನು ಬದಲಿಸ್ಬೇಕು?" ಎಂದು ಕೇಳಿದ.

"ಕೂತ್ಕೋ. ಉದ್ದ ಇದೆ" ಎಂದಳು ವೃಂದಾ. "ರವಿವಾರ ಯಂತ್ರಗಳು ಬ್ಯಾಕಪ್ ತಗೊಳ್ಳೋಕೆ ಅಂತ ಬೆಳಿಗ್ಗೇನೇ ನಿಧಾನ ಆಗ್ತವೆ, ಅಲ್ಲಿಂದ ಶುರು ಮಾಡೋಣ. ಬ್ಯಾಂಕುಗಳು ಮುಚ್ಚಿರ್ತವೆ, ಗಿರಾಕಿ ಹಣ ಹಾಕಿದ್ರೂ ಮಿತಿಗೆ ಬರೋದು ತಡ ಆಗಬಹುದು. ಇನ್ನೊಂದು, ಇದು ನೀನು ಕೇಳಲ್ಲ, ಆದ್ರೂ ಹೇಳ್ತೀನಿ..."

ಅವನು ಪೆನ್ನು ಹುಡುಕಿ ಕೂತ.