ಚುಕ್ಕೆಯಿಲ್ಲದ ಚೀಟಿಗಳು

ನನ್ನ ಹೆಸರು ಗುರುದತ್ತ. ಕುಮಟೆಯ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷ ಅರ್ಥಶಾಸ್ತ್ರ ಕಲಿಸಿದವನು. ನಮ್ಮ ಕೇರಿ ಇರುವುದು ಕಾಗಾಲದ ಹತ್ತಿರ, ಅಘನಾಶಿನಿ ಹೊಳೆಯ ಬದಿಗೆ. ಅಲ್ಲಿ ನನ್ನನ್ನು ಮಾಸ್ತರ್ರು ಎನ್ನುತ್ತಾರೆ. ಓದಿದವನು, ತಪ್ಪು ಮಾಡಲಾರ ಎಂದು ಕೇರಿಯ ಸಂಘಕ್ಕೆ ಅಧ್ಯಕ್ಷನನ್ನಾಗಿಯೂ ಮಾಡಿದ್ದರು. ಓದದವನು ಅಧ್ಯಕ್ಷನಾಗಿದ್ದರೆ ಅಂಥ ತಪ್ಪು ಆಗುತ್ತಲೂ ಇರಲಿಲ್ಲ.

ಎರಡು ಸಾವಿರದ ಹದಿನಾರರ ನವೆಂಬರಿನಲ್ಲಿ ಐನೂರು, ಸಾವಿರದ ನೋಟುಗಳು ಒಂದೇ ರಾತ್ರಿಗೆ ಕಾಗದವಾದವಲ್ಲ, ಆಗಿನ ಮಾತು. ನಮ್ಮ ಸಂಘ ಕೇರಿಯವರ ತರಕಾರಿ, ಈರುಳ್ಳಿ, ಹೊಳೆಯ ಬಳಚು ಎಲ್ಲವನ್ನೂ ಕೊಂಡು ಕುಮಟೆಯ ವ್ಯಾಪಾರಿಗಳಿಗೆ ಮಾರುತ್ತಿತ್ತು. ಬಳಚು ಅಂದರೆ ಹೊಳೆಯ ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವಿ. ಅದನ್ನು ಆರಿಸಿಯೇ ಅರ್ಧ ಕೇರಿ ಬದುಕುವುದು. ಸಂಘದ್ದೇ ಒಂದು ಅಂಗಡಿಯೂ ಇತ್ತು. ಅಕ್ಕಿ, ಎಣ್ಣೆ, ಬೆಲ್ಲ, ಸಾಬೂನು ಅಲ್ಲಿ ಸಿಗುತ್ತಿದ್ದವು. ವ್ಯಾಪಾರಿಗಳು ಚೆಕ್ಕು ಕೊಟ್ಟರು, ಬ್ಯಾಂಕಿನ ಖಾತೆ ತುಂಬಿತು, ಆದರೆ ವಾರಕ್ಕೆ ಇಷ್ಟೇ ತೆಗೆಯಬೇಕು ಎಂಬ ಮಿತಿ ಬಂತು. ಆ ಇಷ್ಟೂ ಬ್ಯಾಂಕಿನಲ್ಲಿ ಇರುತ್ತಿರಲಿಲ್ಲ. ಬುಟ್ಟಿ ಹೊತ್ತು ಬಂದ ಹೆಂಗಸರಿಗೆ ಕೊಡಲು ಕೈಯಲ್ಲಿ ಕಾಸಿಲ್ಲ.

ಆಗ ನನ್ನ ಬುದ್ಧಿ ಓಡಿತು. ಲಗ್ನಪತ್ರಿಕೆಯ ದಪ್ಪ ರಟ್ಟು ತರಿಸಿ ಹತ್ತು, ಐವತ್ತು, ನೂರರ ಚೀಟಿ ಹೊಡೆಸಿದೆ. ಸಂಘದ ಸಿಕ್ಕಾ, ನನ್ನ ಸಹಿ. ಒಟ್ಟು ಒಂದು ಲಕ್ಷ ರೂಪಾಯಿಯದ್ದು. ಅಷ್ಟೇ ಹಣ ಖಾತೆಯಲ್ಲೂ ಇತ್ತು. ಸಂಘ ಮಾಲಿಗೆ ಚೀಟಿ ಕೊಡುವುದು, ಅವರು ಅದೇ ಚೀಟಿಗೆ ನಮ್ಮ ಅಂಗಡಿಯಲ್ಲಿ ಸಾಮಾನು ಒಯ್ಯುವುದು. ಕಾನೂನಿಗೆ ಒಪ್ಪುವ ಕೆಲಸವಲ್ಲ, ಗೊತ್ತಿತ್ತು. ಹಸಿವಿಗೆ ಕಾನೂನಿಲ್ಲ ಎಂದು ಸಭೆಯಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿಕೊಂಡೆ.

ಅಂಗಡಿ ನೋಡಿಕೊಳ್ಳುತ್ತಿದ್ದವಳು ರೇಖಾ. ಚೀಟಿ ಅಂಗಡಿಗೆ ಬಂದಾಗಲೆಲ್ಲ ಅದರ ಬೆನ್ನಿಗೆ ನೀಲಿ ಶಾಯಿಯ ಒಂದು ಚುಕ್ಕೆ ಇಡಬೇಕೆಂದು ಅವಳಿಗೆ ಹೇಳಿದ್ದೆ. ದುಡ್ಡು ಎಷ್ಟು ಬೇಗ ಕೈ ಬದಲಿಸುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿ ಹೇಳಿದ್ದವನಿಗೆ ಕಣ್ಣಾರೆ ಕಾಣುವ ಚಪಲ. ಡಿಸೆಂಬರಿನಲ್ಲಿ ನೋಡಿದರೆ ವಾರಕ್ಕೊಂದು ಚುಕ್ಕೆ. ಒಂದು ಲಕ್ಷದ ಚೀಟಿ, ವಾರಕ್ಕೊಮ್ಮೆ ಸುತ್ತು, ವಾರಕ್ಕೆ ಒಂದು ಲಕ್ಷದ ವ್ಯಾಪಾರ. ಅಕ್ಕಿ ಕಿಲೋಗೆ ಮೂವತ್ತೆರಡು ರೂಪಾಯಿ. ಗಡಿಯಾರದಂತೆ ನಡೆಯಿತು.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಇವತ್ತಿಗೂ ದೊಡ್ಡ ಮನುಷ್ಯ. ಡಿಸೆಂಬರ್ ಮಧ್ಯದಲ್ಲಿ ಗಜನಿ ಗದ್ದೆಯ ಕಟ್ಟೆ ಒಡೆಯಿತು. ಹೊಳೆಯ ಉಪ್ಪುನೀರು ಗದ್ದೆಗೆ ನುಗ್ಗದಂತೆ ತಡೆಯುವುದು ಆ ಕಟ್ಟೆಯೇ. ಕಟ್ಟಿಸಲು ಎರಡು ಲಕ್ಷ ಕೂಲಿ ಬೇಕು. ಸಭೆಯಲ್ಲಿ ನಾನೇ ಎದ್ದು, “ಇನ್ನೆರಡು ಲಕ್ಷದ ಚೀಟಿ ಹೊಡೆಸೋಣ” ಎಂದೆ. ಮಾದೇವ ಎಂಬ ಮುದುಕ, ಓದು ಬರಹ ಇಲ್ಲದವ, ಮೂಲೆಯಿಂದ ಕೇಳಿದ: “ಅಲ್ದ ಮಾಸ್ತರ್ರೇ, ಚೀಟಿ ಮೂರು ಪಟ್ಟು ಆತು. ಅಂಗಡೀಲಿ ಅಕ್ಕಿ ಅಷ್ಟೇ ಅದೆ. ಆಮೇಲೆ ಎಂತ?”

ನಾನು ನಕ್ಕೆ. ಆ ನಗು ನೆನಪಾದರೆ ಇವತ್ತಿಗೂ ಕೆನ್ನೆಗೆ ಹೊಡೆದುಕೊಳ್ಳುವ ಹಾಗಾಗುತ್ತದೆ.

ಚೀಟಿ ಹೊಡೆಸಿದೆವು, ಕಟ್ಟೆ ಎದ್ದಿತು. ಅದರ ಫಲ ಬರುವುದು ಮುಂದಿನ ಮಳೆಗಾಲದ ಬತ್ತಕ್ಕೆ. ಅಲ್ಲಿಯವರೆಗೆ ಅಂಗಡಿಗೆ ಒಂದು ಕಾಳು ಹೆಚ್ಚಿಗೆ ಬರುವಂತಿರಲಿಲ್ಲ. ಆದರೂ ಜನವರಿ ಕಳೆಯುತ್ತ ಬಂದರೂ ಬೆಲೆ ಏರಲಿಲ್ಲ! ಅಕ್ಕಿ ಅದೇ ಮೂವತ್ತೆರಡು. ಚುಕ್ಕೆ ನೋಡಿದೆ. ಸರಾಸರಿ ಲೆಕ್ಕಕ್ಕೆ ಈಗ ಒಂದು ಚೀಟಿ ಅಂಗಡಿಗೆ ಬರುವುದು ಮೂರು ವಾರಕ್ಕೊಮ್ಮೆ. ದುಡ್ಡು ಮೂರು ಪಟ್ಟು, ಅದರ ವೇಗ ಮೂರರಲ್ಲೊಂದು, ಹಾಗಾಗಿ ಬೆಲೆ ನಿಂತಲ್ಲೇ ನಿಂತಿದೆ. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಹುಡುಗರಿಗೆ ಜಂಬ ಕೊಚ್ಚಿದೆ.

ವೇಗ ಏಕೆ ಇಳಿಯಿತು ಎಂದು ಮಾತ್ರ ಕೇಳಿಕೊಳ್ಳಲಿಲ್ಲ. ಇದೇ ಕೇರಿಯಲ್ಲಿ ಹುಟ್ಟಿದವನಿಗೆ ಗೊತ್ತಿರಬೇಕಿತ್ತು. ನಮ್ಮಲ್ಲಿ ಶಿವರಾತ್ರಿಗೆ ಮುಂಚೆ ಯಾರೂ ದೊಡ್ಡ ಸಾಮಾನು ಕೊಳ್ಳುವುದಿಲ್ಲ. ಕಟ್ಟೆಯ ಕೂಲಿಯಾಗಿ ಬಂದ ಚೀಟಿಗಳೆಲ್ಲ ಪೆಟ್ಟಿಗೆ ಸೇರಿ ಶಿವರಾತ್ರಿಗೆ ಕಾದು ಕುಳಿತಿದ್ದವು. ನಾನು ಅದನ್ನು ಜನರ ಕಾಯಂ ಸ್ವಭಾವ ಎಂದು ಲೆಕ್ಕ ಹಿಡಿದೆ.

ಹಾಗೆ ಕೂಡಿಟ್ಟವರಲ್ಲಿ ಹೊನ್ನಿ ಒಬ್ಬಳು. ಐವತ್ತರ ಹೆಂಗಸು, ದಿನವೂ ಬಳಚು ಆರಿಸುವವಳು. ಸ್ವಂತ ದೋಣಿ ಇಲ್ಲ. ದಾಸನ ದೋಣಿಯಲ್ಲಿ ಹೋಗಬೇಕು, ಆರಿಸಿದ್ದರಲ್ಲಿ ಅರ್ಧ ಅವನಿಗೆ ಸುರಿಯಬೇಕು. ಮೂವತ್ತು ವರ್ಷದಿಂದ ಹೀಗೇ. ದಾಸನ ಹತ್ತಿರ ಹಳೆಯದೊಂದು ಸಣ್ಣ ದೋಣಿ ಮಾರಾಟಕ್ಕಿತ್ತು, ಎಂಟು ಸಾವಿರಕ್ಕೆ. ಚೀಟಿ ಆದರೂ ಆತು ಎಂದಿದ್ದ. ಹೊನ್ನಿ ಬೆಳಿಗ್ಗೆ ಬಳಚು ಆರಿಸಿದಳು, ಮಧ್ಯಾಹ್ನ ಕಟ್ಟೆಯ ಮಣ್ಣು ಹೊತ್ತಳು, ಕಟ್ಟೆಯ ಕೂಲಿಯ ಹೊಸ ಚೀಟಿಯನ್ನೆಲ್ಲ ಮುಟ್ಟದೆ ಪೆಟ್ಟಿಗೆಗೆ ಹಾಕಿದಳು. ಒಂದು ದಿನ ಸಂಘದ ಜಗಲಿಗೆ ಬಂದು ಕೇಳಿದಳು:

“ಮಾಸ್ತರ್ರೇ, ಈ ರಟ್ಟು ಶಿವರಾತ್ರಿವರೆಗೆ ಇಟ್ಕಂಡ್ರೆ ಎಂತೂ ಆಗುದಿಲ್ಲಲ?”

“ಎಂತ ಆಗ್ತದೆ? ಸರ್ಕಾರದ ನೋಟಿಗಿಂತ ಗಟ್ಟಿ ಇದು. ನನ್ನ ಸಹಿ ಅದೆ, ಕಾಣ್ಸುದಿಲ್ವಾ?”

“ಕಾಣ್ತದೆ. ಓದೂಕೆ ಬತ್ತಿಲ್ಲ ಅಷ್ಟೇ” ಎಂದು ನಕ್ಕು ಹೋದಳು.

ಜನವರಿ ಕೊನೆಯ ದಿನಗಳು. ಬೆಳಿಗ್ಗೆ ಚಹಾ ಕುಡಿಯುತ್ತ ಪೇಪರು ನೋಡಿದೆ. ಚಾಲ್ತಿ ಖಾತೆಯಿಂದ ಹಣ ತೆಗೆಯುವ ಮಿತಿ ಹೋಗಿದೆ. ಒಳ್ಳೆಯ ಸುದ್ದಿಯೇ. ಆದರೆ ಲೋಟ ಕೆಳಗಿಡುವುದರೊಳಗೆ ನನಗೆ ಹೊಳೆಯಿತು. ಇನ್ನು ನೋಟು ಬರುತ್ತದೆ; ನೋಟು ಬಂದರೆ ಚೀಟಿ ಯಾರಿಗೆ ಬೇಕು? ಪೆಟ್ಟಿಗೆಯಲ್ಲಿ ಮಲಗಿದ ಚೀಟಿಯೆಲ್ಲ ಒಟ್ಟಿಗೇ ಎದ್ದು ಬರುತ್ತದೆ. ಹೊರಗಿರುವುದು ಮೂರು ಲಕ್ಷ, ಖಾತೆಯಲ್ಲಿರುವುದು ಒಂದು ಲಕ್ಷ, ಅಂಗಡಿಯಲ್ಲಿ ಅದೇ ಒಂದು ವಾರದ ಮಾಲು.

ಆ ಕ್ಷಣ ನಾನು ಮಾಡಬೇಕಾದದ್ದು ಸಭೆ ಕರೆಯುವುದು. ಕಟ್ಟೆಯ ಚೀಟಿಗೆ ಗದ್ದೆಯ ಮಾಲೀಕರೇ ಹಣ ತುಂಬಿ ವಾಪಸು ಪಡೆಯಬೇಕು, ಇಲ್ಲದಿದ್ದರೆ ಬೆಲೆ ಮೂರು ಪಟ್ಟು ಆಗುತ್ತದೆ ಎಂದು ಹೇಳುವುದು. ಆ ಮಾಲೀಕರಲ್ಲಿ ನಾನೂ ಒಬ್ಬ. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಅಧ್ಯಕ್ಷನ ಗೌರವಧನವೆಂದು ಬಂದ ಆರು ಸಾವಿರದ ಚೀಟಿ ನನ್ನ ಕಪಾಟಿನಲ್ಲಿತ್ತು. ಅದನ್ನು ಕಿಸೆಗೆ ಹಾಕಿಕೊಂಡು ನೇರ ಅಂಗಡಿಗೆ ಹೋದೆ. ಇಪ್ಪತ್ತೈದು ಕಿಲೋದ ನಾಲ್ಕು ಮೂಟೆ ಅಕ್ಕಿ, ಎರಡು ಡಬ್ಬಿ ತೆಂಗಿನೆಣ್ಣೆ ರಿಕ್ಷಾಕ್ಕೆ ಹಾಕಿಸಿಕೊಂಡು ಮನೆಗೆ ಬಂದೆ. ರೇಖಾ ನನ್ನ ಮುಖ ನೋಡಿದಳು. ಸಂಜೆ ತನ್ನ ಸಂಬಳದ ಚೀಟಿಗೆಲ್ಲ ಸಕ್ಕರೆ ಕೊಂಡಳಂತೆ.

ಆಮೇಲೆ ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಮಾರನೆಯ ದಿನ ಅಂಗಡಿಯ ಮುಂದೆ ಸಾಲು ನಿಂತಿತು. ಮೂರು ದಿನ ಬೆಲೆ ಏರಿಸದೆ ಹಟ ಹಿಡಿದೆವು, ಕಪಾಟುಗಳು ಬರಿದಾದವು. ಹೊಸ ಮಾಲು ಬಂದಾಗ ಅಕ್ಕಿಗೆ ಐವತ್ತು ಎಂದೆವು. ಜನ ಹಿಂದೆ ಸರಿಯಲಿಲ್ಲ, ನಾಳೆ ಇನ್ನೂ ಹೆಚ್ಚಾಗುತ್ತದೆ ಎಂದು ಇಂದೇ ಮುಗಿಬಿದ್ದರು. ಸಂಘ ಮಾಲಿಗೆ ಕೊಟ್ಟ ಚೀಟಿ ಸಂಜೆಯೊಳಗೆ ಅಂಗಡಿಗೆ ತಿರುಗಿ ಬರುತ್ತಿತ್ತು. ಎಪ್ಪತ್ತಾಯಿತು, ತೊಂಬತ್ತಾರಾಯಿತು. ಆ ಹದಿನೈದು ದಿನ ನಾವು ಒಂದು ಚೀಟಿಯನ್ನೂ ಹೊಸದಾಗಿ ಹೊಡೆಸಿರಲಿಲ್ಲ. ಚೀಟಿ ಅಷ್ಟೇ ಇತ್ತು, ಓಟ ಮಾತ್ರ ಹೆಚ್ಚಿತ್ತು. ಮಾದೇವ ಕೇಳಿದ “ಆಮೇಲೆ ಎಂತ” ಎಂಬುದಕ್ಕೆ ಉತ್ತರ ಎರಡು ತಿಂಗಳು ತಡವಾಗಿ ಬಂತು.

ಶಿವರಾತ್ರಿಯ ಮಾರನೆಯ ದಿನ ಹೊನ್ನಿ ಎಂಟು ಸಾವಿರದ ಚೀಟಿ ಸೆರಗಿನಲ್ಲಿ ಕಟ್ಟಿಕೊಂಡು ದಾಸನ ಮನೆಗೆ ಹೋದಳು. ದಾಸ, ನೋಟಾದರೆ ಎಂಟು ಸಾವಿರ, ಚೀಟಿಯಾದರೆ ಇಪ್ಪತ್ನಾಲ್ಕು ಎಂದ. ಅವನನ್ನು ಬೈದು ಪ್ರಯೋಜನವಿಲ್ಲ. ಅವನೂ ಅದೇ ಅಂಗಡಿಯಲ್ಲಿ ಅಕ್ಕಿ ಕೊಳ್ಳಬೇಕು. ಅವಳು ಅಲ್ಲಿಂದ ಸೀದಾ ನನ್ನ ಜಗಲಿಗೆ ಬಂದು ಚೀಟಿಯ ಕಟ್ಟು ಬಿಚ್ಚಿಟ್ಟಳು.

“ಎಣಿಸ್ರಿ. ಒಂದೂ ಕಮ್ಮಿ ಇಲ್ಲ. ದೋಣಿನೂ ಅದೇ. ಮತ್ತೆ ಎಂತ ಆತು ಮಾಸ್ತರ್ರೇ?”

ನಾನು ಒಂದು ಚೀಟಿ ತಿರುಗಿಸಿ ನೋಡಿದೆ. ಬೆನ್ನಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಇನ್ನೊಂದು ನೋಡಿದೆ, ಅದೂ ಬಿಳಿ. ಎಲ್ಲವೂ ಬಿಳಿ. ಸಂಘದಿಂದ ಅವಳ ಕೈಗೆ, ಕೈಯಿಂದ ಪೆಟ್ಟಿಗೆಗೆ. ಗಂಟಲು ಸರಿಮಾಡಿಕೊಂಡು ವಿವರಿಸಿದೆ. ಚೀಟಿ ಮೂರು ಪಟ್ಟಾಗಿತ್ತು ಹೊನ್ನಿ, ಸಾಮಾನು ಅಷ್ಟೇ ಇತ್ತು. ನಿಮ್ಮಂಥವರು ಪೆಟ್ಟಿಗೆಯಲ್ಲಿ ಇಟ್ಟಿದ್ದರಿಂದ ಅದು ಇದ್ದೂ ಇಲ್ಲದ ಹಾಗಿತ್ತು, ಬೆಲೆ ಏರಲಿಲ್ಲ. ಎಲ್ಲ ಒಟ್ಟಿಗೆ ಹೊರಗೆ ಬಂದಾಗ ಏರಿತು.

ಅವಳು ಪೂರ್ತಿ ಕೇಳಿದಳು. ನನ್ನ ಯಾವ ವಿದ್ಯಾರ್ಥಿಯೂ ಅಷ್ಟು ಗಮನ ಕೊಟ್ಟವನಲ್ಲ.

“ಅಂದ್ರೆ ನಾ ಇಟ್ಕಂಡು ಕೂತದ್ಕೇ ಅಕ್ಕಿ ಮೂವತ್ತೆರಡ್ರಲ್ಲಿ ನಿಂತಿತ್ತು.”

“ಹೌದು.”

“ಆ ಮೂವತ್ತೆರಡ್ರ ಅಕ್ಕಿ ಒಯ್ದೋರು ಬೇರೆಯೋರು.”

ಅವಳು ಚೀಟಿಗಳನ್ನು ಒಂದೊಂದಾಗಿ ಜೋಡಿಸಿ ಸೆರಗಿಗೆ ಕಟ್ಟಿಕೊಂಡಳು. ಮೆಟ್ಟಿಲಿಳಿದವಳು ತಿರುಗಿ ನಿಂತಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

“ನಿಮ್ಮ ಮೂಟೆ ರಿಕ್ಷಾದಲ್ಲಿ ಹೋಗುದ ನಾನೂ ಕಂಡಿದ್ದೆ. ಬಳಚು ತಕಂಡು ಬರ್ತಿದ್ದೆ. ಉಳಿದೋರಿಗೆಲ್ಲ ಅದು ತಿಳೀತು. ನನಗೆ ತಿಳೀಲಿಲ್ಲ. ಮಾಸ್ತರ್ರ ಮನೇಲಿ ಏನೋ ಊಟದ ಕಾರ್ಯ ಅದೆ, ಕರೀತಾರೆ ಅಂದ್ಕಂಡೆ.”

ಮಾರ್ಚಿನಲ್ಲಿ ಸಂಘ ಚೀಟಿಗಳನ್ನು ವಾಪಸು ತೆಗೆದುಕೊಂಡಿತು. ಮೂರು ರೂಪಾಯಿಯ ಚೀಟಿಗೆ ಒಂದು ರೂಪಾಯಿ. ಹೊನ್ನಿಗೆ ಬಂದದ್ದು ಎರಡು ಸಾವಿರದ ಆರುನೂರ ಅರವತ್ತಾರು ರೂಪಾಯಿ. ಕಟ್ಟೆ ಗಟ್ಟಿಯಾಗಿ ನಿಂತಿತು, ಆ ವರ್ಷ ನಮ್ಮ ಗದ್ದೆಗೆ ಉಪ್ಪುನೀರು ಬರಲಿಲ್ಲ, ಬತ್ತ ಚೆನ್ನಾಗಿ ಬಂತು. ಅವಳು ಈಗಲೂ ದಾಸನ ದೋಣಿಯಲ್ಲೇ ಹೋಗುತ್ತಾಳೆ, ಅರ್ಧ ಅವನಿಗೆ ಸುರಿಯುತ್ತಾಳೆ. ದಾರಿಯಲ್ಲಿ ಸಿಕ್ಕರೆ ಮಾಸ್ತರ್ರೇ ಎಂದು ಮಾತಾಡಿಸುತ್ತಾಳೆ.

ಆ ನಾಲ್ಕು ಮೂಟೆ ಅಕ್ಕಿ ನಮ್ಮ ಮನೆಗೆ ಮೇ ತಿಂಗಳವರೆಗೆ ಬಂತು.